ಒಂದು ಲಕ್ಷದ ಲೆಕ್ಕ

2009ರ ಮಾರ್ಚ್ 23ರಂದು ಮುಂಬೈನಲ್ಲಿ ಟಾಟಾ ನ್ಯಾನೋ ಬಿಡುಗಡೆಯಾಯಿತು. ತೆರಿಗೆ, ಸಾಗಣೆ ಬಿಟ್ಟರೆ ಬೆಲೆ ಒಂದು ಲಕ್ಷದ ಆಸುಪಾಸು. ಎರಡು ಲಕ್ಷಕ್ಕೂ ಹೆಚ್ಚು ಬುಕಿಂಗ್ ಬಂದು, ಮೊದಲ ಒಂದು ಲಕ್ಷ ಕಾರುಗಳನ್ನು ಲಾಟರಿ ಎತ್ತಿ ಹಂಚಬೇಕಾಯಿತು.

ಬೆಲೆ ಊರಿಗೆಲ್ಲ ಗೊತ್ತಿತ್ತು. ತಯಾರಿಕೆಯ ಖರ್ಚಿನ ಮಾತು ಹೊರಬಿದ್ದದ್ದು 2016ರ ಅಕ್ಟೋಬರಿನಲ್ಲಿ, ಬಾಂಬೆ ಹೌಸಿನಿಂದ ಹೊರಹಾಕಲ್ಪಟ್ಟ ಸೈರಸ್ ಮಿಸ್ತ್ರಿ ಬರೆದ ಪತ್ರದಲ್ಲಿ. ಕಾರಿನ ಖರ್ಚು ಯಾವತ್ತೂ ಒಂದು ಲಕ್ಷದ ಮೇಲೆಯೇ ಇತ್ತು, ನಷ್ಟ ಒಂದು ಹಂತದಲ್ಲಿ ಸಾವಿರ ಕೋಟಿ ಮುಟ್ಟಿತ್ತು ಎಂದು ಅದರಲ್ಲಿತ್ತು. ಜಗಳದ ನಡುವೆ ಒಂದು ಕಡೆಯವರು ಬರೆದ ಪತ್ರ ಅದು ಎಂಬುದನ್ನು ಮರೆಯಬಾರದು, ನಿಜ. ಆದರೆ ಅಸಲಿಗಿಂತ ಕಡಿಮೆಗೆ ಮಾರುವುದು ತನ್ನಷ್ಟಕ್ಕೆ ದಡ್ಡತನವೇನಲ್ಲ. ಅದಕ್ಕೊಂದು ಹಳೆಯ ಲೆಕ್ಕವಿದೆ.

1936ರಲ್ಲಿ ಅಮೆರಿಕದ ಟಿ. ಪಿ. ರೈಟ್ ಎಂಬ ಎಂಜಿನಿಯರ್ ವಿಮಾನ ತಯಾರಿಕೆಯ ಅಂಕಿಗಳನ್ನು ಜೋಡಿಸಿ ನೋಡಿದರು. ಅದುವರೆಗೆ ತಯಾರಾದ ವಿಮಾನಗಳ ಒಟ್ಟು ಸಂಖ್ಯೆ ಎರಡರಷ್ಟಾದಾಗಲೆಲ್ಲ ಒಂದೊಂದಕ್ಕೆ ತಗಲುವ ಕೂಲಿ ಸುಮಾರು ಶೇಕಡಾ 20ರಷ್ಟು ಇಳಿಯುತ್ತಿತ್ತು. ಕೈ ಪಳಗುತ್ತದೆ, ವ್ಯರ್ಥ ಕಡಿಮೆಯಾಗುತ್ತದೆ. ಮೂರು ದಶಕಗಳ ನಂತರ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಇದನ್ನು ಬೆಲೆಯ ತಂತ್ರವಾಗಿಸಿತು: ನಾಳೆಯ ಖರ್ಚನ್ನು ನೋಡಿ ಇಂದಿನ ಬೆಲೆ ಇಡು, ಮಾರಾಟ ಏರಲಿ, ಖರ್ಚು ತಾನಾಗಿ ಬೆಲೆಗಿಂತ ಕೆಳಗಿಳಿಯಲಿ. ತಡವಾಗಿ ಬಂದ ಪ್ರತಿಸ್ಪರ್ಧಿ ಆ ಬೆಲೆ ನೋಡಿಯೇ ಹಿಂದೆ ಸರಿಯುತ್ತಾನೆ. ಮೊದಲ ಪ್ರಾಜೆಕ್ಟನ್ನು ನಷ್ಟಕ್ಕೆ ಬಿಡ್ ಮಾಡುವ ನಮ್ಮ ಐಟಿ ಮಂದಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಕಾರಿನ ವಿಷಯದಲ್ಲಿ ಇದು ಹೇಗೆ ನಡೆಯುತ್ತದೆಂದು ನೋಡಲು ಊಹೆಯ ಅಂಕಿಗಳನ್ನು ಹಾಕೋಣ. ಹತ್ತು ಸಾವಿರದ ಕಾರು ಹೊರಬರುವಾಗ ಖರ್ಚು 1.40 ಲಕ್ಷ ಎಂದುಕೊಳ್ಳಿ. ಇಡೀ ಮೊತ್ತ ರೈಟ್ ಹೇಳಿದಂತೆ ಇಳಿದರೆ 20 ಸಾವಿರದ ಕಾರಿಗೆ 1.12 ಲಕ್ಷ, 40 ಸಾವಿರದ ಕಾರಿಗೆ ಸುಮಾರು 90 ಸಾವಿರ ರೂಪಾಯಿ. ಗೆದ್ದಂತೆಯೇ. ಆದರೆ ಕಾರಿನ ಖರ್ಚಿನಲ್ಲಿ ದೊಡ್ಡ ಪಾಲು ಹೊರಗಿನಿಂದ ಕೊಂಡ ಬಿಡಿಭಾಗ, ಉಕ್ಕು, ರಬ್ಬರು, ಪ್ಲಾಸ್ಟಿಕ್. ನಮ್ಮ ಕೆಲಸಗಾರರ ಕೈ ಎಷ್ಟೇ ಪಳಗಿದರೂ ಉಕ್ಕಿನ ದರ ಇಳಿಯುವುದಿಲ್ಲ. 1.40 ಲಕ್ಷದಲ್ಲಿ ಒಂದು ಲಕ್ಷ ಇಂಥದ್ದಾದರೆ, ಕಲಿಕೆಯಿಂದ ಇಳಿಯುವುದು ಉಳಿದ 40 ಸಾವಿರ ಮಾತ್ರ. ಅದು ಐದು ಸಲ ಶೇಕಡಾ 20ರಂತೆ ಇಳಿದರೆ 13 ಸಾವಿರಕ್ಕೆ ಬರುತ್ತದೆ. ಅಷ್ಟರಲ್ಲಿ 3.2 ಲಕ್ಷ ಕಾರು ತಯಾರಾಗಿರಬೇಕು, ಆಗಲೂ ಖರ್ಚು 1.13 ಲಕ್ಷ. ನ್ಯಾನೋ ತನ್ನ ಇಡೀ ಆಯುಸ್ಸಿನಲ್ಲಿ ಮಾರಾಟವಾದದ್ದು ಮೂರು ಲಕ್ಷದ ಆಸುಪಾಸು.

ಇನ್ನೊಂದು ತೊಡಕು ಜಾಗದ್ದು. ಬಂಗಾಳದ ಸಿಂಗೂರಿನಲ್ಲಿ ಕಾರ್ಖಾನೆಯ ಪಕ್ಕಕ್ಕೇ ಬಿಡಿಭಾಗ ಪೂರೈಸುವವರ ಘಟಕಗಳೂ ಬರುವ ಯೋಜನೆಯಿತ್ತು. ಭೂಮಿಯ ಹೋರಾಟದಿಂದಾಗಿ 2008ರ ಅಕ್ಟೋಬರಿನಲ್ಲಿ ಅಲ್ಲಿಂದ ಕಾಲ್ತೆಗೆಯಬೇಕಾಯಿತು. (ಆಗ ನಮ್ಮ ಧಾರವಾಡದ ಹೆಸರೂ ಓಡಾಡಿತ್ತು.) ಮೊದಲ ಕಾರುಗಳು ತಯಾರಾದದ್ದು ಉತ್ತರಾಖಂಡದ ಪಂತ್‌ನಗರದಲ್ಲಿ, ಗುಜರಾತಿನ ಸಾನಂದ್ ಕಾರ್ಖಾನೆ ಶುರುವಾದದ್ದು 2010ರ ಜೂನ್‌ನಲ್ಲಿ. ಯಂತ್ರವನ್ನು ಲಾರಿಗೆ ಹೇರಬಹುದು. ಕಲಿತದ್ದು ಕಲಿತವರ ಕೈಯಲ್ಲಿರುತ್ತದೆ, ಅವರೊಂದಿಗೇ ಅಲ್ಲೇ ಉಳಿಯುತ್ತದೆ. ಹೊಸ ಊರಿನಲ್ಲಿ ಬಹುಪಾಲು ಮೊದಲಿನಿಂದ ಶುರು.

ಸಾನಂದ್‌ಗೆ ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡುವ ಸಾಮರ್ಥ್ಯವಿತ್ತು. ಅತ್ಯುತ್ತಮ ವರ್ಷವಾದ 2011-12ರಲ್ಲಿ ಮಾರಾಟವಾದದ್ದು 74,527. ಅದಕ್ಕೆ ಮೊದಲು, ಕೆಲವು ಕಾರುಗಳಿಗೆ ಬೆಂಕಿ ಹೊತ್ತಿಕೊಂಡ ಸುದ್ದಿಯ ಬೆನ್ನಿಗೆ, 2010ರ ನವೆಂಬರಿನಲ್ಲಿ ಬರೇ 509 ಕಾರು ಮಾರಾಟವಾಗಿತ್ತು. ನನ್ನ ಮಟ್ಟಿಗೆ ಕತೆಯ ತಿರುಳು ಇಲ್ಲಿದೆ. ಈ ತಂತ್ರದಲ್ಲಿ ಕಡಿಮೆ ಬೆಲೆಯೇ ಮಾರಾಟವನ್ನು ಏರಿಸಬೇಕು. ನ್ಯಾನೋದಲ್ಲಿ ಅದೇ ಬೆಲೆ ‘ಅಗ್ಗದ ಕಾರು’ ಎಂಬ ಹಣೆಪಟ್ಟಿಯಾಯಿತು. ಸ್ಕೂಟರಿನಿಂದ ಕಾರಿಗೆ ಏರುವವನು ನೆರೆಯವರ ಕಣ್ಣಿಗೂ ಏರಿದಂತೆ ಕಾಣಬೇಕೆಂದು ಬಯಸುತ್ತಾನೆ. ಆ ಹಣೆಪಟ್ಟಿ ತಪ್ಪಾಯಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು.

ಹಾಗಾದರೆ ಪ್ರತಿಸ್ಪರ್ಧಿಗಳು ಹೆದರಿದರೆ? ರೆನೋ-ನಿಸಾನ್ ಜೊತೆ ಸೇರಿ ಅಗ್ಗದ ಕಾರು ಮಾಡುತ್ತೇವೆಂದು 2008ರಲ್ಲಿ ಹೇಳಿದ್ದ ಬಜಾಜ್, 2012ರ ಜನವರಿಯಲ್ಲಿ ತೋರಿಸಿದ್ದು ಆಟೋರಿಕ್ಷಾದ ಜಾಗ ತುಂಬುವ ಆರ್‌ಇ60 ಎಂಬ ನಾಲ್ಕು ಚಕ್ರದ ಗಾಡಿ. ಒಂದು ಲಕ್ಷದ ಬೇಲಿ ಅವರನ್ನು ತಡೆಯಿತೋ, ಬೇಲಿಯೊಳಗೆ ಬೆಳೆಯೇ ಇಲ್ಲವೆಂದು ಕಂಡು ಅವರೇ ಬರಲಿಲ್ಲವೋ, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬೇಲಿಯಿಂದ ತಡೆಯಲಾಗದ ಪ್ರತಿಸ್ಪರ್ಧಿಯೂ ಒಂದಿತ್ತು: 1983ರಿಂದ ರಸ್ತೆಯಲ್ಲಿದ್ದ ಮಾರುತಿ 800. ಅದರ ಕಲಿಕೆಯ ಖರ್ಚು ಎಂದೋ ತೀರಿತ್ತು, ಮತ್ತು ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಒಂದು ಲಕ್ಷಕ್ಕೆ ಅದೂ ಸಿಗುತ್ತಿತ್ತು.