ಸುಂಕದವನ ಜವಾಬು

ಮೊನ್ನೆ ಟಿವಿ ಚರ್ಚೆಯೊಂದರಲ್ಲಿ ಬೆಲೆ ಏರಿಕೆಯ ಮಾತು ಬಂದ ಕೂಡಲೇ ಒಂದು ಪಕ್ಷದ ವಕ್ತಾರರು ಕುರ್ಚಿಗೆ ಒರಗಿ, "ನೋಡಿ ಸಾರ್, ಹಣದುಬ್ಬರ ರಿಸರ್ವ್ ಬ್ಯಾಂಕಿನ ಜವಾಬ್ದಾರಿ" ಎಂದರು. ಯಾವ ಪಕ್ಷ ಎಂದು ಕೇಳಬೇಡಿ, ಅಧಿಕಾರದಲ್ಲಿ ಕೂತವರೆಲ್ಲ ಒಂದಲ್ಲ ಒಂದು ದಿನ ಇದನ್ನೇ ಹೇಳಿದ್ದಾರೆ. ನನ್ನನ್ನು ಕೆಣಕಿದ್ದು ಅವರು ಜವಾಬ್ದಾರಿ ಎಂಬ ಪದವನ್ನು ಆಡಿದ ಧಾಟಿ. ಬೇರೆಯವರ ಮನೆ ಜಗಲಿಗೆ ತಳ್ಳಿ ಕೈ ಒರೆಸಿಕೊಳ್ಳಬಹುದಾದ ವಸ್ತು ಎಂಬಂತೆ ಅದನ್ನು ಆಡಿದರು.

ಪದ ಎಲ್ಲಿಂದ ಬಂತು ಎಂಬುದು ಎಲ್ಲರಿಗೂ ಗೊತ್ತಿರುವುದೇ, ಬಿಡಿ. ನನ್ನ ಕುತೂಹಲ ಅದು ಇಲ್ಲಿಗೆ ಬಂದಮೇಲೆ ಏನಾಯಿತು ಎಂಬುದರ ಬಗ್ಗೆ. ಪಾಲುದಾರನಿಗೆ ಪಾಲಿದೆ, ಹಕ್ಕುದಾರನಿಗೆ ಹಕ್ಕಿದೆ, ಬಾಕಿದಾರನಿಗೆ ಪಾಪ ಬಾಕಿಯಾದರೂ ಇದೆ. ಜವಾಬ್ದಾರನ ಬಳಿ ಮಾತ್ರ ಜವಾಬು ಇಲ್ಲ. ಇದಕ್ಕೆ ನನ್ನದೇ ಒಂದು ವಾದವಿದೆ, ಪುರಾವೆ ಕೇಳಿದರೆ ಮುಖ ತಿರುಗಿಸುತ್ತೇನೆ. ಜಮಾಬಂದಿಗೆ ಬಂದ ಅಮಲ್ದಾರರ ಎದುರು ಶಾನುಭೋಗರು ಲೆಕ್ಕದ ಪುಸ್ತಕ ಬಿಚ್ಚಿ, ಕೇಳಿದ್ದಕ್ಕೆಲ್ಲ ಜವಾಬು ಹೇಳಿ ಬೆವರುತ್ತಿದ್ದಾಗ ಈ ಪದ ಸರಿಯಾಗಿಯೇ ಇತ್ತು. ಆಮೇಲೆ ಅದಕ್ಕೆ ನಮ್ಮ ಹಳೆಯ 'ಹೊಣೆ'ಯ ಸಹವಾಸವಾಯಿತು. ಹೊಣೆ ಹೊರುವಂಥದ್ದು. ಅದನ್ನು ನೋಡಿ ಜವಾಬ್ದಾರಿಯೂ ಹೊರುವ, ಹೊರಿಸುವ, ಹಂಚುವ, ಜಾರಿಸುವ ಗಂಟಾಯಿತು, ಒಳಗಿದ್ದ ಜವಾಬು ಎಲ್ಲೋ ದಾರಿಯಲ್ಲಿ ಉದುರಿತು. ಈಗ ಆ ಅರ್ಥಕ್ಕೆಂದೇ 'ಉತ್ತರದಾಯಿತ್ವ' ಎಂದು ಹೊಸದೊಂದನ್ನು ಕಟ್ಟಿದ್ದಾರೆ. ವಿಚಾರ ಸಂಕಿರಣದ ಹೊರಗೆ ಅದನ್ನು ಯಾರೂ ಆಡಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ವಕ್ತಾರರ ಮಾತು ಕೇಳುತ್ತ ನನಗೆ ನೆನಪಾದದ್ದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಗಾದೆ. ಶಾಲೆಯಲ್ಲಿ ಇದನ್ನು ವಿಸ್ತರಿಸಿ ಬರೆಯಿರಿ ಎಂದಾಗಲೆಲ್ಲ ನಾವು ಸುಂಕದವನನ್ನು ಕಟುಕನನ್ನಾಗಿ ಮಾಡಿ ಹತ್ತಕ್ಕೆ ಏಳು ಅಂಕ ಪಡೆಯುತ್ತಿದ್ದೆವು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂದೇ ಒಂದು ಬಡಾವಣೆಯಿದೆ. ಅಲ್ಲಿ ಹಾದುಹೋಗುವಾಗಲೆಲ್ಲ, ಆ ಕಟ್ಟೆಯ ಮೇಲೆ ಕೂತವನ ಕಡೆಯ ಮಾತನ್ನು ಯಾರೂ ಕೇಳಲಿಲ್ಲವಲ್ಲ ಅನಿಸುತ್ತದೆ. ಬೆಲ್ಲದ ಗಾಡಿಯವನು ಮಗಳ ಮದುವೆ ಎನ್ನುತ್ತಾನೆ. ಇವನು ಕರಗಿ ಬಿಟ್ಟುಬಿಟ್ಟ ಎನ್ನಿ. ಹಿಂದಿನ ಗಾಡಿಯವನು ಅದನ್ನು ಕೇಳಿಸಿಕೊಂಡಿರುತ್ತಾನೆ, ಅವನ ಎತ್ತು ಸತ್ತಿರುತ್ತದೆ. ಹತ್ತನೇ ಗಾಡಿ ಬರುವಷ್ಟರಲ್ಲಿ ಎಲ್ಲರ ಎತ್ತುಗಳೂ ಸತ್ತು, ಸತ್ತ ಎತ್ತುಗಳೇ ಗಾಡಿ ಎಳೆಯುತ್ತಿರುತ್ತವೆ. ಒಂದು ಸಲ ಕರಗಿದವನು ನಾಳೆಯೂ ಕರಗುತ್ತಾನೆಂದು ಎಲ್ಲರೂ ಲೆಕ್ಕ ಹಾಕಿಕೊಂಡೇ ಬರುತ್ತಾರೆ. 1977ರಲ್ಲಿ ಕಿಡ್‌ಲ್ಯಾಂಡ್ ಮತ್ತು ಪ್ರೆಸ್ಕಾಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಗಣಿತದಲ್ಲಿ ಬರೆದರು. ಬೆಲೆ ಹತೋಟಿಯಲ್ಲಿಡುತ್ತೇನೆಂದು ಮಾತು ಕೊಟ್ಟ ಸರ್ಕಾರಕ್ಕೆ ಆಮೇಲೆ ಅಗ್ಗದ ಹಣ ಬಿಟ್ಟು ಉದ್ಯೋಗ ಹೆಚ್ಚಿಸುವ ಆಸೆ ಹುಟ್ಟುತ್ತದೆ. ಅದು ಜನರಿಗೂ ಗೊತ್ತಿರುವುದರಿಂದ ಅವರು ಮೊದಲೇ ಬೆಲೆ, ಕೂಲಿ ಏರಿಸಿಕೊಂಡಿರುತ್ತಾರೆ. ಕೊನೆಗೆ ಉಳಿಯುವುದು ಬರೀ ಹಣದುಬ್ಬರ. 2004ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಸುಂಕದವನಿಗೆ ಬೈಗುಳ ಬಂತು.

ಕಿವಿ ಕೇಳದ ಸುಂಕದವನು ಬೇಕು ಎಂಬುದನ್ನು ನಮ್ಮ ದೇಶ ನಿಧಾನವಾಗಿ ಕಲಿಯಿತು. 1955ರಲ್ಲಿ ಕೇಂದ್ರ ಸರ್ಕಾರಕ್ಕೂ ರಿಸರ್ವ್ ಬ್ಯಾಂಕಿಗೂ ಒಂದು ಏರ್ಪಾಡಾಯಿತು. ಬ್ಯಾಂಕಿನಲ್ಲಿ ಸರ್ಕಾರದ ನಗದು 50 ಕೋಟಿ ರೂಪಾಯಿಗಿಂತ ಕೆಳಗಿಳಿದರೆ, ಅಡ್‌ಹಾಕ್ ಟ್ರೆಷರಿ ಬಿಲ್ ಎಂಬ ಕಾಗದ ತಾನಾಗಿಯೇ ಹುಟ್ಟಿ ಖಜಾನೆ ತುಂಬುತ್ತಿತ್ತು. ಇದಕ್ಕಾಗಿ ಸಂಸತ್ತಿನಲ್ಲಿ ಪ್ರತಿ ಸಲ ಕೈ ಎತ್ತಬೇಕಾಗಿರಲಿಲ್ಲ, ಗವರ್ನರರು ತಲೆಯಾಡಿಸಬೇಕಾಗಿರಲಿಲ್ಲ. ತಾತ್ಕಾಲಿಕ ಅನುಕೂಲವೆಂದು ಶುರುವಾದದ್ದು 1997ರವರೆಗೆ ನಡೆಯಿತು. ಸ್ವಾಯತ್ತತೆ ಪ್ರಜಾಪ್ರಭುತ್ವಕ್ಕೆ ವಿರೋಧ ಎನ್ನುವವರು ಇದನ್ನು ಗಮನಿಸಬೇಕು. ಹೊಸ ಹಣ ಹುಟ್ಟಿ ಎಲ್ಲರ ಉಳಿತಾಯ ಸವೆಯುತ್ತಿತ್ತು, ಅದನ್ನು ಯಾವ ಜನಪ್ರತಿನಿಧಿಯೂ ಚರ್ಚಿಸುತ್ತಿರಲಿಲ್ಲ.

ಇದೇ ಕಾಲದ ಜಗಳವೊಂದರಲ್ಲಿ ನಮ್ಮ ಮಂಗಳೂರು ಕಡೆಯ ಮನೆತನದವರೊಬ್ಬರು ಇದ್ದಾರೆ. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರ ತಮ್ಮ, ಬೆನಗಲ್ ರಾಮರಾಯರು. 1949ರಿಂದ ಗವರ್ನರ್ ಆಗಿದ್ದರು. 1956ರ ಕೊನೆಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಹುಂಡಿಗಳ ಮೇಲಿನ ಸ್ಟಾಂಪ್ ಸುಂಕವನ್ನು ಒಮ್ಮೆಲೇ ಏರಿಸಿದರು. (ಇಲ್ಲೂ ಸುಂಕವೇ ಬಂತು, ನನ್ನ ತಪ್ಪಲ್ಲ.) ಬ್ಯಾಂಕುಗಳು ಆ ಹುಂಡಿಗಳ ಆಧಾರದ ಮೇಲೆಯೇ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದವು. ಹಾಗಾಗಿ ಹೆಸರಿಗೆ ತೆರಿಗೆ, ಪರಿಣಾಮದಲ್ಲಿ ಬಡ್ಡಿ ಏರಿಕೆ. ಬಡ್ಡಿ ಗೊತ್ತುಮಾಡುವುದು ನಮ್ಮ ಕೆಲಸ ಎಂದು ರಾಮರಾಯರು ಆಕ್ಷೇಪಿಸಿದರು. ರಿಸರ್ವ್ ಬ್ಯಾಂಕೆಂದರೆ ತಮ್ಮ ಮಂತ್ರಾಲಯದ ಒಂದು ವಿಭಾಗ ಎಂಬುದು ಮಂತ್ರಿಗಳ ನಿಲುವು. ನೆಹರೂ ಮಂತ್ರಿಯ ಬೆನ್ನಿಗೆ ನಿಂತರು, 1957ರ ಜನವರಿಯಲ್ಲಿ ರಾಮರಾಯರು ರಾಜೀನಾಮೆ ಕೊಟ್ಟರು. ನೆಹರೂ ಹೇಳಿದ್ದರಲ್ಲೂ ಹುರುಳಿತ್ತು. ಚುನಾಯಿತ ಸರ್ಕಾರದ ಒಟ್ಟು ಗುರಿಗೆ ಎದುರಾಗಿ ಕೇಂದ್ರ ಬ್ಯಾಂಕು ತನ್ನದೇ ಗುರಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಅವರ ಮಾತಿನ ತಿರುಳು. ಆದರೆ ಗುರಿ ಯಾವುದು ಎಂದು ಆಗ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಬರೆಯದ ಗುರಿಗೆ ಯಾರು ಏನೆಂದು ಜವಾಬು ಕೊಡುವುದು?

ಬರೆದದ್ದು 2016ರಲ್ಲಿ, ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದಾಗ. ಗುರಿಯನ್ನು ಐದು ವರ್ಷಕ್ಕೊಮ್ಮೆ ಬ್ಯಾಂಕಿನ ಜೊತೆ ಸಮಾಲೋಚಿಸಿ ಗೊತ್ತುಮಾಡುವುದು ಸರ್ಕಾರ. ಆಗ ಗೊತ್ತಾದದ್ದು ಶೇ. 4, ಮೇಲೂ ಕೆಳಗೂ ಎರಡೆರಡು ಅಂಶ ಸಡಿಲ. ಆ ಗುರಿ ಮುಟ್ಟಲು ಬಡ್ಡಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಆರು ಜನರ ಹಣಕಾಸು ನೀತಿ ಸಮಿತಿ. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದ ಹೊರಗಿನವರು, ಮತ ಸಮವಾದರೆ ಗವರ್ನರರದು ನಿರ್ಣಾಯಕ ಮತ. ಯಾರು ಯಾವ ಕಡೆ ಮತ ಹಾಕಿದರು, ಯಾಕೆ ಹಾಕಿದರು ಎಂಬುದು ಹದಿನಾಲ್ಕನೇ ದಿನ ಪ್ರಕಟವಾಗುತ್ತದೆ. ಅರಮನೆಯವರು ದರ ನಿಗದಿ ಮಾಡಿದರು, ಕಟ್ಟೆಯವನು ಯಾರ ಅಳುವಿಗೂ ಕರಗದೆ ವಸೂಲಿ ಮಾಡುತ್ತಾನೆ. ಇಷ್ಟರಮಟ್ಟಿಗೆ ಅಚ್ಚುಕಟ್ಟು. ಗುರಿ ತಪ್ಪಿದರೆ ಏನು ಎಂಬುದನ್ನೂ ಕಾಯ್ದೆ ಹೇಳುತ್ತದೆ. ಸತತ ಮೂರು ತ್ರೈಮಾಸಿಕ ಸರಾಸರಿ ಹಣದುಬ್ಬರ ಶೇ. 6 ದಾಟಿದರೆ ಅದು ವೈಫಲ್ಯ. ಆಗ ಬ್ಯಾಂಕು ಕಾರಣವೇನು, ಪರಿಹಾರವೇನು, ಮತ್ತೆ ಗುರಿಗೆ ಮರಳಲು ಎಷ್ಟು ಕಾಲ ಬೇಕು ಎಂದು ಸರ್ಕಾರಕ್ಕೆ ವರದಿ ಬರೆಯಬೇಕು. ಅಂತೂ ಜವಾಬು ಕಾನೂನಿನಲ್ಲಿ ಸೇರಿತು ಎಂದು ನಾನು ಖುಷಿಪಟ್ಟೆ.

2020ರಲ್ಲಿ ಬೆಲೆಗಳು ಆ ಗೆರೆ ದಾಟಿ ನಿಂತವು. ಆದರೆ ಲಾಕ್‌ಡೌನಿನಿಂದಾಗಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಾರುಕಟ್ಟೆಗೆ ಹೋಗಿ ಬೆಲೆ ಬರೆದುಕೊಳ್ಳಲು ಆಗದೆ ಸೂಚ್ಯಂಕವನ್ನು ಅಂದಾಜಿನಿಂದ ತುಂಬಿದ್ದರು. ಸಮಿತಿಯು ಆ ಎರಡು ತಿಂಗಳನ್ನು ಸರಣಿಯಲ್ಲಿನ ಕಡಿತವೆಂದು ಪರಿಗಣಿಸಿತು. ಸರಣಿ ಕಡಿದಮೇಲೆ 'ಸತತ' ಎಲ್ಲಿಯದು? ವರದಿ ಬರೆಯುವ ಪ್ರಸಂಗ ಬರಲಿಲ್ಲ. 2022ರಲ್ಲಿ ಇಂಥ ಸಂದು ಸಿಗಲಿಲ್ಲ. ಮೊದಲ ಮೂರು ತ್ರೈಮಾಸಿಕಗಳ ಸರಾಸರಿ ಶೇ. 6.3, 7.3, 7.0. ಆ ವರ್ಷ ಮೇ 4ರಂದು, ನಿಗದಿಯಾಗಿರದ ಸಭೆ ಕರೆದು ರೆಪೊ ದರವನ್ನು ಶೇ. 4ರಿಂದ 4.4ಕ್ಕೆ ಏರಿಸಿದ ಸಮಿತಿ, ಮುಂದಿನ ಫೆಬ್ರವರಿ ಹೊತ್ತಿಗೆ 6.5ಕ್ಕೆ ತಂದು ನಿಲ್ಲಿಸಿತು.

ಈ ಎರಡೂವರೆ ಅಂಶ ಗಾಡಿಯವನಿಗೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಶೇ. 6.5ರ ಬಡ್ಡಿಗೆ ಇಪ್ಪತ್ತು ವರ್ಷಕ್ಕೆ 30 ಲಕ್ಷ ಮನೆ ಸಾಲ ಆಗಷ್ಟೇ ತೆಗೆದುಕೊಂಡವನ ಕಂತು ತಿಂಗಳಿಗೆ ಸುಮಾರು 22,400 ರೂಪಾಯಿ. ಬಡ್ಡಿ 9 ಆದರೆ ಅದು 27,000 ಮುಟ್ಟುತ್ತದೆ. ಕಂತು ಹಾಗೇ ಇರಲಿ, ವರ್ಷ ಹೆಚ್ಚಿಸಿ ಎನ್ನುವಂತೆಯೂ ಇಲ್ಲ, ಯಾಕೆಂದರೆ 30 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 22,500. ಹಳೆಯ ಕಂತು ಬಡ್ಡಿಗೇ ಸಾಲದು, ಅಸಲು ಒಂದು ರೂಪಾಯಿಯೂ ಕರಗದು. ಇಷ್ಟು ಕಟ್ಟಿಯೂ ಟೊಮೆಟೊ ಬೆಲೆ ಇಳಿಯುವ ಖಾತ್ರಿಯಿಲ್ಲ. ಆಗಿನ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯದ ತೂಕವೇ ಸುಮಾರು ಶೇ. 46, ಮಳೆ ಕೈಕೊಟ್ಟರೆ ಬಡ್ಡಿ ಏರಿಸಿ ಬೆಳೆ ತೆಗೆಯಲಾಗದು. ಅಲ್ಲಿ ಕೆಲಸ ಮಾಡಬೇಕಾದ್ದು ಆಮದು ಸುಂಕ, ದಾಸ್ತಾನು, ರಫ್ತಿನ ನಿಯಮ. ಅವೆಲ್ಲ ಸರ್ಕಾರದ ಕೈಯಲ್ಲಿ. ಆದ್ದರಿಂದಲೇ ವೈಫಲ್ಯದ ಕಾರಣ ಹೇಳುವ ವರದಿ ಬರೆದವರಿಗೆ ಎಷ್ಟು ಮುಜುಗರವೋ, ಓದುವವರಿಗೂ ಅಷ್ಟೇ ಮುಜುಗರ ತರಬಲ್ಲದು.

2022ರ ನವೆಂಬರ್ 3ರಂದು ಸಮಿತಿ ಇದಕ್ಕೆಂದೇ ಸೇರಿತು, ಬ್ಯಾಂಕು ವರದಿ ಕಳಿಸಿತು. ಅದನ್ನು ಬಹಿರಂಗ ಮಾಡುವ ಅಧಿಕಾರ ತಮಗಿಲ್ಲ ಎಂದು ಗವರ್ನರ್ ಶಕ್ತಿಕಾಂತ ದಾಸ್ ಹೇಳಿದರು. ವರದಿ ಬಂದಿದೆ, ಆದರೆ ಪ್ರಕಟಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಪ್ರಕಟಿಸಬಾರದು ಎಂದೂ ಕಾಯ್ದೆ ಹೇಳಿಲ್ಲವಲ್ಲ ಎಂಬ ನನ್ನಂಥವರ ಗೊಣಗು ಬೇರೆ. ಬ್ರಿಟನ್ನಿನಲ್ಲಿ ಗುರಿಯಿಂದ ಒಂದು ಅಂಶಕ್ಕಿಂತ ಹೆಚ್ಚು ಆಚೆ ಹೋದರೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರರು ಹಣಕಾಸು ಸಚಿವರಿಗೆ ಬಹಿರಂಗ ಪತ್ರ ಬರೆಯಬೇಕು. 2007ರ ಏಪ್ರಿಲ್‌ನಲ್ಲಿ, ಹಣದುಬ್ಬರ ಶೇ. 3.1 ಆದಾಗ, ಮರ್ವಿನ್ ಕಿಂಗ್ ಗಾರ್ಡನ್ ಬ್ರೌನ್‌ರಿಗೆ ಅಂಥ ಮೊದಲ ಪತ್ರ ಬರೆದರು, ಊರೆಲ್ಲ ಓದಿತು. ಅದರಿಂದ ಬ್ಯಾಂಕಿನ ಸ್ವಾತಂತ್ರ್ಯ ಹೋಗಲಿಲ್ಲ. ನಮ್ಮಲ್ಲಿ ಸುಂಕದವನು ಗಾಡಿಯವರ ಸುಖದುಃಖ ಕೇಳದಿರುವುದು ನನಗೆ ಒಪ್ಪಿಗೆ. ಅವನು ಅರಮನೆಗೆ ಒಪ್ಪಿಸಿದ ಲೆಕ್ಕವನ್ನು ಸುಂಕ ಕಟ್ಟಿದವರಿಗೆ ಓದಿ ಹೇಳದಿರುವುದು ಒಪ್ಪಿಗೆಯಿಲ್ಲ.

ದೊಡ್ಡ ತಿದ್ದುಪಡಿಯೇನೂ ಬೇಕಿಲ್ಲ. ವರದಿ ಸಲ್ಲಿಸತಕ್ಕದ್ದು ಎಂಬಲ್ಲಿಗೆ ಮುಗಿಯುವ ಕಲಮಿನ ಬಾಲಕ್ಕೆ 'ಮತ್ತು ಅದನ್ನು ಪ್ರಕಟಿಸತಕ್ಕದ್ದು' ಎಂದು ಸೇರಿಸಿದರಾಯಿತು. ಸರ್ಕಾರಿ ಕನ್ನಡದ 'ತಕ್ಕದ್ದು' ಕಂಡರೆ ನನಗೆ ಸಾಮಾನ್ಯವಾಗಿ ಮೈ ಉರಿಯುತ್ತದೆ, ಈ ಒಂದನ್ನು ಸಹಿಸಿಕೊಳ್ಳುತ್ತೇನೆ.