ಚಂಡಮಾರುತಕ್ಕೆ ಗೃಹಸ್ಥರ ಸಿದ್ಧತೆ: ಬಾಂಗ್ಲಾದೇಶದ ಕರಾವಳಿ

ಗಂಗೆ, ಬ್ರಹ್ಮಪುತ್ರ, ಮೇಘನಾ ನದಿಗಳು ಸಮುದ್ರವನ್ನು ಸೇರುವೆಡೆಯ ಮೆಕ್ಕಲುಮಣ್ಣಿನ ದ್ವೀಪಗಳು ಕಡಲಮಟ್ಟಕ್ಕಿಂತ ಅಷ್ಟೇನೂ ಎತ್ತರದಲ್ಲಿಲ್ಲವಾದ್ದರಿಂದ, ಚಂಡಮಾರುತದ ಕಾಲದಲ್ಲಿ ಅಲ್ಲಿಯ ಜನರ ಪ್ರಾಣಕ್ಕೆ ಮುಳುವಾಗುವುದು ಗಾಳಿಗಿಂತಲೂ ಹೆಚ್ಚಾಗಿ ಗಾಳಿಯು ತಳ್ಳಿಕೊಂಡು ಬರುವ ಸಮುದ್ರಜಲವೇ. 1970ರ ನವೆಂಬರ್ 12ರ ರಾತ್ರಿ, ಆಗ ಪೂರ್ವ ಪಾಕಿಸ್ತಾನವೆನಿಸಿದ್ದ ಆ ನಾಡಿನ ಭೋಲಾ ಮೊದಲಾದ ದ್ವೀಪಗಳ ಮೇಲೆ ಭರತದ ವೇಳೆಯಲ್ಲಿಯೇ ಎರಗಿದ ಜಲರಾಶಿಯು, ಕನಿಷ್ಠಪಕ್ಷ ಮೂರು ಲಕ್ಷ ಜನರನ್ನು ಆಹುತಿ ಪಡೆಯಿತೆಂದು ಅಂದಾಜು. ರೇಡಿಯೋದಲ್ಲಿ ಎಚ್ಚರಿಕೆಯೇನೋ ಬಿತ್ತರವಾಗಿತ್ತು. ಆದರೆ ಅದು ಮನೆಬಿಡುವ ನಿಶ್ಚಯವಾಗಿ ಪರಿಣಮಿಸಲಿಲ್ಲ.

ಈ ಕೊರತೆಯನ್ನು ನೀಗಲೆಂದು 1972ರಲ್ಲಿ ರೆಡ್ ಕ್ರಾಸ್ ಆಶ್ರಯದಲ್ಲಿ ಆರಂಭವಾಗಿ, ಮರುವರ್ಷ ಸರ್ಕಾರವೂ ಕೈಜೋಡಿಸಿದ ಸಿದ್ಧತಾ ಕಾರ್ಯಕ್ರಮವು, ಊರಿನವರೇ ಆದ ಸ್ವಯಂಸೇವಕರಿಗೆ ರೇಡಿಯೋ, ಮೆಗಾಫೋನು, ಕೈಸೈರನ್ನುಗಳನ್ನಿತ್ತು, ಅಪಾಯವು ಏರಿದಂತೆ ಒಂದು, ಎರಡು, ಮೂರು ಧ್ವಜಗಳನ್ನೇರಿಸುವ ಪದ್ಧತಿಯನ್ನು ರೂಢಿಗೆ ತಂದಿತು.

ಮನೆಯ ಸಿದ್ಧತೆಯಲ್ಲಿ ಮೊದಲನೆಯದು ಮಾಡು. ಗಾಳಿಯು ಸೂರಿನ ಅಡಿಯಿಂದ ಹೊಕ್ಕು ತಗಡನ್ನು ಮೇಲೆತ್ತುವುದರಿಂದ, ಮಾಡಿನ ಮೇಲೆ ಅಡ್ಡಡ್ಡಲಾಗಿ ಹಗ್ಗವನ್ನು ಹಾಯಿಸಿ ನೆಲಕ್ಕೆ ಆಳವಾಗಿ ಹೊಡೆದ ಗೂಟಗಳಿಗೆ ಬಿಗಿಯುವರು. ಮೂಲೆಗಂಬಗಳ ನಡುವೆ ಓರೆಯಾಗಿ ಬಿದಿರು ಕಟ್ಟುವರು. ಎರಡು ಇಳಿಜಾರಿನ ಮಾಡಿಗಿಂತ ನಾಲ್ಕು ಇಳಿಜಾರಿನದು ಗಾಳಿಯನ್ನು ಚೆನ್ನಾಗಿ ತಾಳುವುದು. ಅವಲಕ್ಕಿ, ಮಂಡಕ್ಕಿ, ಬೆಲ್ಲಗಳನ್ನು ನೀರು ಸೇರದಂತೆ ಕಟ್ಟಿ ನೆಲದಲ್ಲಿ ಹೂಳುವುದೂ, ಕೊಳವೆಬಾವಿಯ ಪಂಪಿನ ತಲೆಯನ್ನು ಬಿಚ್ಚಿ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯುವುದೂ ಉಂಟು. ಉಪ್ಪುನೀರು ಒಳಹೊಕ್ಕರೆ, ಅಲೆಯಿಂದ ಉಳಿದವರಿಗೆ ಕುಡಿಯುವ ನೀರೇ ಇಲ್ಲವಾಗುವುದಷ್ಟೆ. ಆದರೆ ಇವೆಲ್ಲ ಹಿಂದಿರುಗಿ ಬರುವವರಿಗಾಗಿ ಮಾಡುವ ಏರ್ಪಾಡುಗಳು. ಆಳೆತ್ತರವನ್ನು ಮೀರಿದ ಅಲೆಗೆ ಯಾವ ಕಟ್ಟೂ ಅಡ್ಡಿಯಾಗದು.

ಇದು 1991ರ ಏಪ್ರಿಲ್ 29ರ ರಾತ್ರಿ ಚಟ್ಟಗ್ರಾಮದ ತೀರದಲ್ಲಿ ದಾರುಣವಾಗಿ ಸ್ಪಷ್ಟವಾಯಿತು. ಎಚ್ಚರಿಕೆಯು ತಲುಪಿದ್ದರೂ ಸುಮಾರು 1,38,000 ಜನರು ಮಡಿದರು. ಆಶ್ರಯಗೃಹಗಳು ಕೆಲವೇ ಇದ್ದವು, ಇದ್ದವೂ ದೂರ. ಹಿಂದಿನ ಹುಸಿಯಾದ ಎಚ್ಚರಿಕೆಗಳ ನೆನಪು, ಕಳವಿನ ಭೀತಿ, ದನಕರುಗಳನ್ನು ತೊರೆಯಲಾರದ ಸಂಕಟಗಳು ಅನೇಕರನ್ನು ಮನೆಯಲ್ಲಿಯೇ ಹಿಡಿದಿಟ್ಟವು. ಅಪರಿಚಿತ ಪುರುಷರ ನಡುವೆ ಇರಲು ಸಂಕೋಚಪಟ್ಟು, ಮನೆಯ ಗಂಡಸರ ಅಪ್ಪಣೆಗಾಗಿ ಕಾದ ಸ್ತ್ರೀಯರೇ ಹೆಚ್ಚಾಗಿ ಸತ್ತರೆಂಬುದನ್ನು ನೆನೆದರೆ, ಲೋಪವಿದ್ದುದು ಅವರ ವಿವೇಕದಲ್ಲಲ್ಲ, ವ್ಯವಸ್ಥೆಯಲ್ಲಿ ಎಂಬುದು ಮನದಟ್ಟಾಗುವುದು. ಅನಂತರ ಕಟ್ಟಿದ ಬಹುಸಂಖ್ಯೆಯ ಕಾಂಕ್ರೀಟು ಆಶ್ರಯಗೃಹಗಳು ಕಂಬಗಳ ಮೇಲೆ ನಿಂತು, ಸಾಧಾರಣ ದಿನಗಳಲ್ಲಿ ಶಾಲೆಗಳಾಗಿ ನಡೆಯತೊಡಗಿದವು. ಕೆಲವೆಡೆ ಸ್ತ್ರೀಯರಿಗೆ ಪ್ರತ್ಯೇಕ ಕೋಣೆಗಳನ್ನೂ, ಜಾನುವಾರುಗಳಿಗೆ ಕಿಲ್ಲಾ ಎಂಬ ಎತ್ತರದ ಮಣ್ಣಿನ ದಿಬ್ಬಗಳನ್ನೂ ಒದಗಿಸಲಾಯಿತು. 2007ರ ಸಿದರ್ ಚಂಡಮಾರುತದಲ್ಲಿ ಮೃತರ ಸಂಖ್ಯೆ ಸುಮಾರು 3,400ಕ್ಕೆ ಇಳಿಯಿತು.

ಹೊರಡುವ ಹೊತ್ತನ್ನು ನಿರ್ಣಯಿಸುವಾಗ ಗಾಳಿಯ ಈಗಿನ ಬಲವನ್ನು ನಂಬಲಾಗದು. ಆಶ್ರಯಗೃಹಕ್ಕೆ ಮಕ್ಕಳು, ಮುದುಕರೊಡನೆ ನಡೆಯಲು ಹಿಡಿಯುವ ಕಾಲವನ್ನು ಲೆಕ್ಕಹಾಕಿ, ಕತ್ತಲಾಗುವ ಮುನ್ನ, ದಾರಿಯ ತಗ್ಗುಗಳಿಗೆ ನೀರು ನುಗ್ಗುವ ಮುನ್ನ ಹೊರಡತಕ್ಕದ್ದು. ಬಿರುಗಾಳಿಯು ಒಮ್ಮೆಲೇ ಶಾಂತವಾದರೆ ಅದು ಚಂಡಮಾರುತದ ಕಣ್ಣು ಹಾದುಹೋಗುವ ಸಮಯವಾಗಿರಬಹುದು. ಸ್ವಲ್ಪ ಹೊತ್ತಿನಲ್ಲಿಯೇ ಎದುರುದಿಕ್ಕಿನಿಂದ ಗಾಳಿಯು ಅಷ್ಟೇ ರಭಸದಿಂದ ಮರಳುವುದರಿಂದ, ಆಗ ಮನೆಯನ್ನು ನೋಡಿಬರಲು ಹೊರಬರುವವರಿಗೆ ಅಪಾಯವು ಅತ್ಯಧಿಕ.