ಕೋಪನ್‌ಹೇಗನ್ನಿನ ದೂರವಾಣಿಯೂ ಕೌಂಟರಿನ ಮುಂದಿನ ಸಾಲೂ

ಅಂಚೆ ಕಚೇರಿಯ ಒಂದು ಕೌಂಟರಿಗೆ ಗಂಟೆಗೆ ಸರಾಸರಿ 10 ಮಂದಿ ಬರುತ್ತಾರೆ ಎನ್ನೋಣ. ಒಬ್ಬೊಬ್ಬರ ಕೆಲಸಕ್ಕೂ ಗುಮಾಸ್ತರಿಗೆ 5 ನಿಮಿಷ ಬೇಕು. ಅಂದರೆ ಗಂಟೆಗೆ 50 ನಿಮಿಷ ಕೆಲಸ, 10 ನಿಮಿಷ ಬಿಡುವು. ಬಿಡುವೇ ಇರುವಾಗ ಸಾಲು ಏಕೆ ಬೆಳೆಯುತ್ತದೆ? ಸಾಲಿನಲ್ಲಿ ನಿಂತವರು ಸರಾಸರಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ? ಈ ಪ್ರಶ್ನೆಗೆ ಗಣಿತದ ಉತ್ತರ ಮೊದಲು ದೊರೆತದ್ದು ಅಂಗಡಿಯಲ್ಲೋ ಕಚೇರಿಯಲ್ಲೋ ಅಲ್ಲ, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯೊಂದರಲ್ಲಿ.

ಆಗ್ನರ್ ಕ್ರಾರುಪ್ ಎರ್ಲಾಂಗ್ ಹುಟ್ಟಿದ್ದು 1878ರಲ್ಲಿ. ಗಣಿತದ ಪದವಿ ಪಡೆದು ಕೆಲವು ವರ್ಷ ಶಾಲಾ ಉಪಾಧ್ಯಾಯರಾಗಿದ್ದ ಇವರು 1908ರಲ್ಲಿ ಕೋಪನ್‌ಹೇಗನ್ ದೂರವಾಣಿ ಕಂಪನಿಯನ್ನು ಸೇರಿದರು. ಕರೆತಂದವರು ಆ ಕಂಪನಿಯ ಎಂಜಿನಿಯರ್ ಯೋಹಾನ್ ಯೆನ್ಸೆನ್. ಕಾಲೇಜಿನ ಗಣಿತದಲ್ಲಿ ಬರುವ ಯೆನ್ಸೆನ್ ಅಸಮತೆ ಇವರದೇ. ಎರ್ಲಾಂಗ್ ಕೋಣೆಯಲ್ಲಿ ಕುಳಿತು ಲೆಕ್ಕ ಹಾಕುವುದರಲ್ಲಷ್ಟೇ ತೃಪ್ತರಾಗಿರಲಿಲ್ಲ. ಭೂಮಿಯೊಳಗಿನ ಕೇಬಲ್ಲುಗಳಲ್ಲಿ ವಿದ್ಯುತ್ತನ್ನು ಅಳೆಯಲು ಏಣಿ ಹೊತ್ತ ಸಹಾಯಕನೊಡನೆ ಊರಿನ ಬೀದಿಗಳಲ್ಲಿ ಸುತ್ತಿ, ರಸ್ತೆಯ ಗುಂಡಿಗಳಿಗೆ ತಾವೇ ಇಳಿಯುತ್ತಿದ್ದರಂತೆ.

ಆ ಕಾಲದ ದೂರವಾಣಿ ಕೇಂದ್ರದಲ್ಲಿ ಕರೆಗಳನ್ನು ಕೈಯಿಂದ ಜೋಡಿಸಬೇಕಿತ್ತು. ಕರೆ ಮಾಡಿದವನು ಗಿರಾಕಿ, ಜೋಡಿಸುವ ತಂತಿ ಕೌಂಟರು. ತಂತಿಗಳು ಹೆಚ್ಚಾದರೆ ಕಂಪನಿಗೆ ಖರ್ಚು, ಕಡಿಮೆಯಾದರೆ ಜನ ಕಾಯಬೇಕು. 1909ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎರ್ಲಾಂಗ್ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಜನ ತಮ್ಮತಮ್ಮ ಅನುಕೂಲಕ್ಕೆ ಕರೆ ಮಾಡಿದಾಗ, ಒಂದು ಅವಧಿಯಲ್ಲಿ ಬರುವ ಕರೆಗಳ ಸಂಖ್ಯೆ ಪಾಯ್ಸಾನ್ ವಿತರಣೆಯನ್ನು ಅನುಸರಿಸುತ್ತದೆ. ಸರಳವಾಗಿ ಹೇಳುವುದಾದರೆ, ಬರುವಿಕೆಗೆ ನೆನಪಿಲ್ಲ. ಈಗ ತಾನೆ ಒಬ್ಬರು ಬಂದರೆಂಬ ಕಾರಣಕ್ಕೆ ಮತ್ತೊಬ್ಬರು ಬರುವುದು ತಡವಾಗುವುದಿಲ್ಲ. ಆದ್ದರಿಂದ ಒಮ್ಮೆ ಮೂವರು ಒಟ್ಟಿಗೆ ಬರುತ್ತಾರೆ, ಮತ್ತೊಮ್ಮೆ ಕಾಲು ಗಂಟೆ ಯಾರೂ ಸುಳಿಯುವುದಿಲ್ಲ. ಯಾರೂ ಬಾರದೆ ಕಳೆದುಹೋದ ಬಿಡುವನ್ನು ಕೂಡಿಟ್ಟು, ಜನ ಸೇರಿದಾಗ ಖರ್ಚು ಮಾಡಲು ಬರುವುದಿಲ್ಲ. ಬಿಡುವಿದ್ದೂ ಸಾಲು ಬೆಳೆಯುವ ಗುಟ್ಟು ಇದೇ.

ಈಗ ನಮ್ಮ ಕೌಂಟರಿಗೆ ಬರೋಣ. ಪ್ರತಿಯೊಬ್ಬರಿಗೂ ಸರಿಯಾಗಿ 5 ನಿಮಿಷವೇ ಬೇಕೆಂದು ಮೊದಲು ಭಾವಿಸೋಣ. ಎರ್ಲಾಂಗ್ ಸಹ 1909ರಲ್ಲಿ ನಿಗದಿತ ಅವಧಿಯ ಕರೆಗಳನ್ನೇ ಮೊದಲು ಎತ್ತಿಕೊಂಡರು. ಹೊಸದಾಗಿ ಬಂದವರು ಎರಡು ಕಾರಣಕ್ಕೆ ಕಾಯಬೇಕು. ಒಂದು, ತಮಗಿಂತ ಮುಂಚೆ ಸಾಲಿನಲ್ಲಿರುವವರ ಪೂರ್ತಿ ಕೆಲಸ. ಇನ್ನೊಂದು, ಕೌಂಟರಿನಲ್ಲಿ ಆಗಲೇ ನಿಂತವರ ಉಳಿದ ಕೆಲಸ. ಎರಡನೆಯದು ಸುಲಭ. ಕೌಂಟರು 60 ನಿಮಿಷದಲ್ಲಿ 50 ನಿಮಿಷ ಕೆಲಸದಲ್ಲಿರುವುದರಿಂದ ಅಲ್ಲಿ ಯಾರಾದರೂ ಇರುವ ಸಂಭವನೀಯತೆ 5/6. ಇದ್ದರೆ ಅವರ ಕೆಲಸ ಸರಾಸರಿ ಅರ್ಧ, ಎಂದರೆ 2.5 ನಿಮಿಷ ಉಳಿದಿರುತ್ತದೆ. ಗುಣಿಸಿದರೆ 2 ನಿಮಿಷಕ್ಕಿಂತ ತುಸು ಹೆಚ್ಚು.

ಮೊದಲನೆಯದಕ್ಕೆ ಸಾಲಿನಲ್ಲಿ ಸರಾಸರಿ ಎಷ್ಟು ಮಂದಿ ಇರುತ್ತಾರೆಂದು ತಿಳಿಯಬೇಕು. ಕಾಯುವ ಸರಾಸರಿ ಕಾಲವನ್ನು W ಎನ್ನೋಣ. ನಿಮಿಷಕ್ಕೆ 1/6 ಮಂದಿ ಬರುತ್ತಿದ್ದು ಪ್ರತಿಯೊಬ್ಬರೂ W ನಿಮಿಷ ನಿಂತರೆ, ಸಾಲಿನಲ್ಲಿ ಸರಾಸರಿ W/6 ಮಂದಿ ಇರುತ್ತಾರೆ. ನೋಡಲು ಸರಳವಾದ ಈ ನಿಯಮಕ್ಕೆ ವ್ಯಾಪಕವಾದ ಸಾಧನೆಯನ್ನು ಅಮೆರಿಕದ ಜಾನ್ ಲಿಟಲ್ ಕೊಟ್ಟದ್ದು 1961ರಲ್ಲಿ! ಅಷ್ಟು ಮಂದಿಯ ಕೆಲಸಕ್ಕೆ ತಲಾ 5 ನಿಮಿಷ. ಹೀಗಾಗಿ,

W = (5/6)W + (5/6) × 2.5

ಇದನ್ನು ಬಿಡಿಸಿದರೆ W = 12.5 ನಿಮಿಷ.

ಆದರೆ ಎಲ್ಲರ ಕೆಲಸವೂ ಒಂದೇ ಸಮನಾಗಿರುವುದಿಲ್ಲ. ಒಬ್ಬರಿಗೆ ಒಂದು ಅಂಚೆಚೀಟಿ ಸಾಕು, ಇನ್ನೊಬ್ಬರಿಗೆ ಹತ್ತು ರಿಜಿಸ್ಟರ್ಡ್ ಲಕೋಟೆಗಳ ರಸೀದಿ ಬೇಕು. 1917ರ ಲೇಖನದಲ್ಲಿ ಎರ್ಲಾಂಗ್ ಬರುವಿಕೆಯಂತೆ ಮಾತುಕತೆಯ ಅವಧಿಗೂ ನೆನಪಿಲ್ಲವೆಂದು ಭಾವಿಸಿ ಲೆಕ್ಕ ಮಾಡಿದರು. ಆಗ ಎಷ್ಟು ಹೊತ್ತಿನಿಂದ ಕೆಲಸ ನಡೆದಿದ್ದರೂ ಇನ್ನು ಉಳಿದಿರುವುದು ಸರಾಸರಿ ಪೂರ್ತಿ 5 ನಿಮಿಷವೇ. ಮೇಲಿನ ಸಮೀಕರಣದಲ್ಲಿ 2.5 ಇರುವ ಕಡೆ 5 ಹಾಕಿದರೆ W = 25 ನಿಮಿಷ ಬರುತ್ತದೆ. ಗಿರಾಕಿಗಳ ಸಂಖ್ಯೆಯೂ ಅದೇ, ಸರಾಸರಿ ಕೆಲಸವೂ ಅದೇ. ಏರುಪೇರಿನಿಂದಲೇ ಕಾಯುವ ಕಾಲ ಇಮ್ಮಡಿಯಾಯಿತು. ಯಾವ ಬಗೆಯ ಏರುಪೇರಿಗೂ ಹೊಂದುವ ಸೂತ್ರವನ್ನು 1930ರಲ್ಲಿ ಪೊಲಾಚೆಕ್, 1932ರಲ್ಲಿ ರಷ್ಯದ ಖಿಂಚಿನ್ ಪಡೆದರು. ಇಬ್ಬರಿಗೂ ಪ್ರೇರಣೆ ದೂರವಾಣಿಯೇ. ವಿದ್ಯಾರ್ಥಿಗಳು ಮೇಲಿನ ಸಮೀಕರಣವನ್ನು ಅರ್ಥ ಮಾಡಿಕೊಂಡರೆ ಆ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲವೆಂದು ನನ್ನ ಅನಿಸಿಕೆ. ಬದಲಾಗುವುದು ಕೌಂಟರಿನಲ್ಲಿ ಉಳಿದ ಕೆಲಸದ ಸರಾಸರಿ ಮಾತ್ರ.

1917ರ ಲೆಕ್ಕವನ್ನೇ ಹಿಡಿದು ಬರುವವರ ಸಂಖ್ಯೆಯನ್ನು ಬದಲಿಸಿ ನೋಡಿ. ಗಂಟೆಗೆ 6 ಮಂದಿ ಬಂದರೆ ಕಾಯುವುದು 5 ನಿಮಿಷ. 9 ಮಂದಿಗೆ 15, 10 ಮಂದಿಗೆ 25, 11 ಮಂದಿಗೆ 55 ನಿಮಿಷ. ಕೊನೆಯಲ್ಲಿ ಸೇರಿದ ಒಬ್ಬನೇ ಗಿರಾಕಿ ಅರ್ಧ ಗಂಟೆ ಕೂಡಿಸಿದ! 12 ಮಂದಿ ಬಂದರೆ ಸೂತ್ರಕ್ಕೆ ಉತ್ತರವೇ ಇಲ್ಲ. ಸಾಲು ಎಲ್ಲಿಯೂ ನೆಲೆಗೊಳ್ಳದೆ ಬೆಳೆಯುತ್ತ ಹೋಗುತ್ತದೆ. ಇದಕ್ಕೆ ವಿರುದ್ಧವಾಗಿ 10 ಮಂದಿ ಬರುವಲ್ಲಿ ಗುಮಾಸ್ತರ ಕೆಲಸವನ್ನು 5ರಿಂದ 4 ನಿಮಿಷಕ್ಕೆ ಇಳಿಸಿದರೆ, ಕಾಯುವುದು 25ರಿಂದ 8 ನಿಮಿಷಕ್ಕೆ ಇಳಿಯುತ್ತದೆ. ಗುಮಾಸ್ತರು ಒಂದು ಕ್ಷಣವೂ ಸುಮ್ಮನೆ ಕೂರಬಾರದೆಂದು ಬಯಸುವ ಮೇಲಧಿಕಾರಿ, ತನಗರಿವಿಲ್ಲದೆ ಉದ್ದನೆಯ ಸಾಲನ್ನೂ ಬಯಸುತ್ತಿರುತ್ತಾನೆ.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ? ಇದು ಬಹಳ ಹೊತ್ತು ಒಂದೇ ರೀತಿ ನಡೆಯುವ ಕೌಂಟರಿನ ಸರಾಸರಿ. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನವೇ ಮೂವತ್ತು ಮಂದಿ ನಿಂತಿದ್ದರೆ ಆ ಮೊದಲ ಗಂಟೆಗಳಿಗೆ ಇದು ಅನ್ವಯಿಸದು. ಸಾಲು ಕಂಡು ಜನ ಹಿಂದಿರುಗಿದರೆ ಸೂತ್ರ ಹೇಳುವುದಕ್ಕಿಂತ ಕಡಿಮೆ ಕಾಯುವಿಕೆ ಕಾಣುತ್ತದೆ; ಹಿಂದಿರುಗಿದವರ ಕಷ್ಟ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನು ಜನ ಗುಂಪಾಗಿ ಬರುವ ಸಂದರ್ಭ. ಗಂಟೆಗೊಂದು ಬಸ್ಸು ಬಂದು ಹತ್ತು ಮಂದಿಯನ್ನು ಒಟ್ಟಿಗೆ ಇಳಿಸುತ್ತದೆನ್ನಿ. ತಲಾ ಸರಿಯಾಗಿ 5 ನಿಮಿಷದ ಕೆಲಸವಾದರೆ ಮೊದಲಿನವರು ಕಾಯುವುದಿಲ್ಲ, ಹತ್ತನೆಯವರು 45 ನಿಮಿಷ ಕಾಯುತ್ತಾರೆ, ಸರಾಸರಿ 22.5 ನಿಮಿಷ. ಅದೇ ಹತ್ತು ಮಂದಿ 6 ನಿಮಿಷಕ್ಕೊಬ್ಬರಂತೆ ಬಂದಿದ್ದರೆ ಯಾರೂ ಕಾಯಬೇಕಿರಲಿಲ್ಲ. ನೆನಪಿಲ್ಲದ ಬರುವಿಕೆಗೆ ಎರ್ಲಾಂಗರ ದಾರಿಯಲ್ಲಿ ನಮಗೆ ಸಿಕ್ಕ 12.5 ಇವೆರಡರ ನಡುವೆ ನಿಲ್ಲುತ್ತದೆ.

ನಿಮ್ಮ ಊರಿನ ಕೌಂಟರು ಯಾವ ಬಗೆಯದೆಂದು ಪರೀಕ್ಷಿಸಲು ಗಡಿಯಾರ, ಕಾಗದ ಸಾಕು. ಪ್ರತಿ ಕಾಲು ಗಂಟೆಗೆ ಬಂದವರನ್ನು ಎಣಿಸಿ, ಆ ಸಂಖ್ಯೆಗಳ ಸರಾಸರಿಯನ್ನೂ, ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳ ಸರಾಸರಿಯನ್ನೂ ಕಂಡುಹಿಡಿಯಿರಿ. ಪಾಯ್ಸಾನ್ ವಿತರಣೆಯಲ್ಲಿ ಇವೆರಡೂ ಸಮ. ನಮ್ಮ ಲೆಕ್ಕದಲ್ಲಿ ಎರಡೂ 2.5ರ ಆಸುಪಾಸಿನಲ್ಲಿರಬೇಕು. ಬಸ್ಸಿನ ಜನರಾದರೆ ಎಣಿಕೆ 10, 0, 0, 0 ಎಂದು ಬರುತ್ತದೆ. ಸರಾಸರಿ 2.5 ಆಗಿಯೇ ಉಳಿದರೂ ಎರಡನೆಯದು 18.75 ಆಗುತ್ತದೆ. ಅಂಥ ಕಡೆ ಮೇಲಿನ ಸಮೀಕರಣವನ್ನು ಬಳಸುವಂತಿಲ್ಲ, ಬಸ್ಸಿನ ವೇಳಾಪಟ್ಟಿಯನ್ನೇ ಮುಂದಿಟ್ಟುಕೊಂಡು ಒಬ್ಬೊಬ್ಬರದಾಗಿ ಲೆಕ್ಕ ಹಾಕಬೇಕು.